ಬಟ್ಟೆಯ ಆಕಾರ ತಿದ್ದುವಾಗ ಹಿನ್ನೆಲೆಯ ಗೆರೆ ಬಾಗದಂತೆ: ಮೂರು ವಿಧಾನಗಳ ಹೋಲಿಕೆ

ಕಳೆದ ವರ್ಷ ದೀಪಾವಳಿಗೆ ಮುಂಚೆ ಒಂದು ಬಟ್ಟೆ ಅಂಗಡಿಗಾಗಿ ಕುರ್ತಿಗಳ ಫೋಟೋ ತೆಗೆದು, ತಿದ್ದಿ ಕೊಟ್ಟಿದ್ದೆ. ಮಾದರಿಗೆಂದು ಬಂದ ಕುರ್ತಿ ಲಾರ್ಜ್ ಸೈಜಿನದು. ಅದನ್ನು ತೊಟ್ಟು ನಿಂತ ಹುಡುಗಿಗೆ ಮೀಡಿಯಮ್ ಸಾಕಾಗಿತ್ತು. ಸೊಂಟದ ಎರಡೂ ಬದಿಯಲ್ಲಿ ಬಟ್ಟೆ ಉಬ್ಬಿಕೊಂಡು, ಒಳ್ಳೆಯ ಹೊಲಿಗೆಯ ಕುರ್ತಿ ಚೀಲದಂತೆ ಕಾಣುತ್ತಿತ್ತು. ಫೋಟೋಶಾಪ್‌ನ ಲಿಕ್ವಿಫೈನಲ್ಲಿ ದೊಡ್ಡ ಬ್ರಷ್ ಹಿಡಿದು ಎರಡೂ ಬದಿಯನ್ನು ಒಳಕ್ಕೆ ತಳ್ಳಿದೆ. ಬಟ್ಟೆ ಚೆನ್ನಾಗಿ ಕೂತಿತು. ಚಿತ್ರ ತಲುಪಿದ ಸಂಜೆಯೇ ಅಂಗಡಿಯ ಅಕ್ಕ ಫೋನ್ ಮಾಡಿ, "ಈ ಬಾಗಿಲು ಯಾಕೆ ಸೊಂಟದ ಹತ್ತಿರ ಬಗ್ಗಿದೆ?" ಎಂದು ಕೇಳಿದರು. ತೆರೆದು ನೋಡಿದರೆ ನಿಜ. ಹುಡುಗಿಯ ಎಡಕ್ಕಿದ್ದ ಬಾಗಿಲ ಚೌಕಟ್ಟು, ಅವಳ ಸೊಂಟದ ಎತ್ತರಕ್ಕೆ ಸರಿಯಾಗಿ, ಅವಳತ್ತ ವಾಲಿಕೊಂಡಿತ್ತು. ನನ್ನ ಕಣ್ಣು ಆ ಹೊತ್ತೆಲ್ಲ ಬಟ್ಟೆಯ ಮೇಲಿತ್ತು. ನೋಡುವವರ ಕಣ್ಣು ಮೊದಲು ಹೋದದ್ದು ಬಾಗಿಲಿಗೆ.

ಆ ಚಿತ್ರವನ್ನು ಮತ್ತೆ ಮೊದಲಿನಿಂದ ಮಾಡುವಾಗ, ಇಂಥ ಕೆಲಸಕ್ಕೆ ಇರುವ ದಾರಿಗಳನ್ನು ಒಂದೊಂದಾಗಿ ಅದೇ ಫೋಟೋದ ಮೇಲೆ ಪ್ರಯೋಗಿಸಿ, ಅಳೆದು ನೋಡಿದೆ. ಯಾವ ದಾರಿ ಯಾವ ಚಿತ್ರಕ್ಕೆ ಎಂಬುದನ್ನು ತೀರ್ಮಾನಿಸುವುದು ಬಟ್ಟೆಯಲ್ಲ, ಬಟ್ಟೆಯ ಅಂಚಿನ ಹಿಂದೆ ಏನಿದೆ ಎಂಬುದು. ಈ ಬರಹದ ಹೋಲಿಕೆ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಗೆರೆ ಬಾಗುವುದು ಏಕೆ

ಲಿಕ್ವಿಫೈಗೆ ಇದು ಬಟ್ಟೆ, ಇದು ಗೋಡೆ ಎಂಬ ಭೇದ ಗೊತ್ತಿಲ್ಲ. ಬ್ರಷ್‌ನ ವೃತ್ತದೊಳಗೆ ಬಿದ್ದದ್ದನ್ನೆಲ್ಲ ಅದು ಸರಿಸುತ್ತದೆ: ನಡುವಿನಲ್ಲಿ ಪೂರ್ತಿಯಾಗಿ, ಅಂಚಿಗೆ ಹೋದಂತೆ ಕಡಿಮೆಯಾಗಿ. ಬಟ್ಟೆಯ ಅಂಚಿನ ಮೇಲೆ ಬ್ರಷ್‌ನ ನಡುವನ್ನು ಇಟ್ಟು ಒಳಕ್ಕೆ ತಳ್ಳಿದರೆ, ವೃತ್ತದ ಅರ್ಧ ಭಾಗ ಬಟ್ಟೆಯ ಮೇಲಿದ್ದು ಇನ್ನರ್ಧ ಹಿನ್ನೆಲೆಯ ಮೇಲೆ ಇರುತ್ತದೆ. ನನ್ನ ಚಿತ್ರ 4000 ಪಿಕ್ಸೆಲ್ ಅಗಲ, 6000 ಪಿಕ್ಸೆಲ್ ಎತ್ತರದ್ದು. ಬ್ರಷ್ 600 ಪಿಕ್ಸೆಲ್. ಅಂಚನ್ನು ಒಳಕ್ಕೆ ಸರಿಸಿದ್ದು 40 ಪಿಕ್ಸೆಲ್. ಚೌಕಟ್ಟು ಬಟ್ಟೆಯ ಅಂಚಿನಿಂದ ಕೇವಲ 120 ಪಿಕ್ಸೆಲ್ ದೂರದಲ್ಲಿತ್ತು. ಅಂದರೆ ಬ್ರಷ್‌ನ ವೃತ್ತದೊಳಗೆ ಸಾಕಷ್ಟು ಒಳಗೇ ಇತ್ತು. ಅಳೆದಾಗ ಅದು 22 ಪಿಕ್ಸೆಲ್ ಸರಿದಿತ್ತು. ಇದನ್ನೇ 1000 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋನಿನಲ್ಲಿ ನೋಡಿದರೂ ಐದಾರು ಪಿಕ್ಸೆಲ್ ಬಾಗು ಉಳಿಯುತ್ತದೆ. ಸುಣ್ಣದ ಗೋಡೆ ಅಷ್ಟು ಸರಿದರೆ ಯಾರಿಗೂ ತಿಳಿಯದು; ನೆಟ್ಟಗಿರಬೇಕಾದ ಗೆರೆ ಅಷ್ಟು ಬಾಗಿದರೆ ತಕ್ಷಣ ತಿಳಿಯುತ್ತದೆ.

ಹಾಗಿದ್ದರೆ ಸಣ್ಣ ಬ್ರಷ್ ಹಿಡಿದರಾಯಿತಲ್ಲ ಎನ್ನಿಸುತ್ತದೆ. ನಾನೂ ಮೊದಲು ಹಾಗೆಯೇ ಮಾಡಿದೆ. 150 ಪಿಕ್ಸೆಲ್‌ನ ಬ್ರಷ್‌ನಲ್ಲಿ ಚೌಕಟ್ಟು ಮಿಸುಕಲಿಲ್ಲ, ಆದರೆ ಬಟ್ಟೆಯ ಅಂಚು ಹಲ್ಲುಹಲ್ಲಾಗಿ, ಒಂದೊಂದು ತಳ್ಳುವಿಕೆಯೂ ಒಂದೊಂದು ಸಣ್ಣ ಗುಳಿಯಾಗಿ ಉಳಿಯಿತು. ಅಂಚು ನಯವಾಗಿ ಬರಲು ದೊಡ್ಡ ಬ್ರಷ್ ಬೇಕು, ಹಿನ್ನೆಲೆ ಸುರಕ್ಷಿತವಾಗಿರಲು ಸಣ್ಣ ಬ್ರಷ್ ಬೇಕು. ಇವೆರಡನ್ನೂ ಒಂದೇ ಪದರದಲ್ಲಿ ಒಟ್ಟಿಗೆ ಪಡೆಯಲಾಗುವುದಿಲ್ಲ. ಮುಂದೆ ಹೇಳುವ ಮೂರೂ ವಿಧಾನಗಳು ಈ ಜಗಳವನ್ನು ಮೂರು ಬಗೆಯಲ್ಲಿ ಬಿಡಿಸುವ ಪ್ರಯತ್ನಗಳು.

ವಿಧಾನಗಳಿಗೆ ಹೋಗುವ ಮುನ್ನ ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇದು ಗೊತ್ತಿದ್ದಿದ್ದರೆ ನನ್ನ ಅರ್ಧ ಶ್ರಮ ಉಳಿಯುತ್ತಿತ್ತು. ಒಂದು ಗೆರೆಯನ್ನು ಅದರ ಉದ್ದಕ್ಕೇ ಎಳೆದರೆ ಅದು ಬಾಗುವುದಿಲ್ಲ. ಅಡ್ಡಲಾಗಿ ಎಳೆದರೆ ಮಾತ್ರ ಬಾಗುತ್ತದೆ. ಸೊಂಟವನ್ನು ನಾವು ಎಡಬಲವಾಗಿ ತಳ್ಳುತ್ತೇವೆ. ಆದ್ದರಿಂದ ಬಾಗುವುದು ಬಾಗಿಲ ಚೌಕಟ್ಟು, ಕಂಬ, ಗೋಡೆಯ ಮೂಲೆ, ಪರದೆಯ ನೆರಿಗೆ ಮೊದಲಾದ ನಿಂತ ಗೆರೆಗಳು. ಮಲಗಿದ ಗೆರೆಗಳಿಗೆ ಅಷ್ಟಾಗಿ ಏನೂ ಆಗುವುದಿಲ್ಲ. ಅದೇ ಚಿತ್ರದ ಬಲಬದಿಯಲ್ಲಿ ಕಿಟಕಿಯ ಅಡ್ಡ ಸರಳುಗಳು ಹುಡುಗಿಯ ಸೊಂಟದ ಹಿಂದೆ ಹೊಕ್ಕಿದ್ದವು, ಬಟ್ಟೆಯ ಅಂಚಿಗೆ ಮುಟ್ಟಿಕೊಂಡೇ ಇದ್ದವು. ನೋಡಿದರೆ ಅವೇ ಹೆಚ್ಚು ಅಪಾಯಕಾರಿ ಎನ್ನಿಸಬೇಕು. ಆದರೆ ಬಟ್ಟೆ ಒಳಕ್ಕೆ ಸರಿದಾಗ ಸರಳುಗಳು ತಮ್ಮ ಉದ್ದಕ್ಕೇ ಹಿಗ್ಗಿ, ತೆರವಾದ ಜಾಗವನ್ನು ತಾವೇ ತುಂಬಿಕೊಂಡು ನೆಟ್ಟಗೇ ಉಳಿದವು. ಮುಟ್ಟಿಕೊಂಡಿದ್ದ ಸರಳು ಕೆಡಲಿಲ್ಲ, ದೂರವಿದ್ದ ಚೌಕಟ್ಟು ಕೆಟ್ಟಿತು. ಕುರ್ತಿಯ ಕೆಳ ಅಂಚನ್ನೋ ಭುಜವನ್ನೋ ಮೇಲೆ ಕೆಳಗೆ ಸರಿಸುವಾಗ ಇದೆಲ್ಲ ತಿರುವುಮುರುವಾಗುತ್ತದೆ: ನಿಂತ ಗೆರೆ ಉಳಿಯುತ್ತದೆ, ನೆಲದ ಅಂಚು, ಮೆಟ್ಟಿಲು, ಟೈಲ್ಸಿನ ಸಾಲು ಅಲೆಯಾಗುತ್ತವೆ. ಓರೆಯಾದ ಗೆರೆಗೆ ಮಾತ್ರ ಎರಡೂ ದಿಕ್ಕಿನಲ್ಲಿ ಕಷ್ಟವೇ. ನಲವತ್ತೈದು ಡಿಗ್ರಿ ಓರೆಯಿರುವ ಮೆಟ್ಟಿಲ ಕಂಬಿಯನ್ನು 40 ಪಿಕ್ಸೆಲ್ ಅಡ್ಡಕ್ಕೆ ಎಳೆದರೆ ಅದು ತನ್ನ ಜಾಡಿನಿಂದ ಸುಮಾರು 28 ಪಿಕ್ಸೆಲ್ ಹೊರಬೀಳುತ್ತದೆ.

ಎಷ್ಟು ತಿದ್ದಬಹುದು

ಇಲ್ಲಿ ವಿಧಾನಕ್ಕಿಂತ ಮೊದಲು ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ನನ್ನ ಚಿತ್ರದಲ್ಲಿ ಸುಮಾರು 165 ಸೆಂ.ಮೀ. ಎತ್ತರದ ಹುಡುಗಿ 5000 ಪಿಕ್ಸೆಲ್ ಎತ್ತರ ತುಂಬಿದ್ದಳು. ಅಂದರೆ ಸೆಂಟಿಮೀಟರಿಗೆ 30 ಪಿಕ್ಸೆಲ್. ಬದಿಗೆ 40 ಪಿಕ್ಸೆಲ್‌ನಂತೆ ಎರಡು ಬದಿ ಸೇರಿ 80 ಪಿಕ್ಸೆಲ್ ಎಂದರೆ ಅಗಲದಲ್ಲಿ ಎರಡೂವರೆ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಬಟ್ಟೆಗೆ ಮುಂದೆ ಹಿಂದೆ ಎರಡು ಮೈ ಇರುವುದರಿಂದ ಸುತ್ತಳತೆಯಲ್ಲಿ ಅದು ಸುಮಾರು 5 ಸೆಂ.ಮೀ., ಅಂದರೆ ಎರಡು ಇಂಚು. ಸಾಮಾನ್ಯವಾಗಿ ಲಾರ್ಜ್‌ಗೂ ಮೀಡಿಯಮ್‌ಗೂ ಇರುವ ವ್ಯತ್ಯಾಸವೇ ಅಷ್ಟು. ಸರಿಯಾದ ಸೈಜಿನ ಕುರ್ತಿ ಅವಳ ಮೈಮೇಲೆ ಹೇಗೆ ಕೂರುತ್ತಿತ್ತೋ ಅಷ್ಟಕ್ಕೆ ತಿದ್ದುವುದು ಬಟ್ಟೆಯ ತಿದ್ದುಪಡಿ. ಅದಕ್ಕಿಂತ ಮುಂದೆ ಹೋದರೆ ನಾವು ತಿದ್ದುತ್ತಿರುವುದು ಬಟ್ಟೆಯನ್ನಲ್ಲ, ಅವಳ ಮೈಯನ್ನು.

ಈ ಗಡಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ, ಮಾಡೆಲ್‌ಗಳ ಮೈಯ ಆಕಾರವನ್ನು ತೆಳುವಾಗಿ ಅಥವಾ ದಪ್ಪವಾಗಿ ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ಅದು ತಿದ್ದಿದ ಚಿತ್ರ ಎಂದು ಬರೆಯಲೇಬೇಕು. ನಾರ್ವೆಯಲ್ಲಿ 2022ರ ಜುಲೈ 1ರಿಂದ ಇಂಥದೇ ಗುರುತು ಕಡ್ಡಾಯ. ಗೆಟ್ಟಿ ಇಮೇಜಸ್ ಸಂಸ್ಥೆ ಮಾಡೆಲ್‌ನ ಮೈಯ ಆಕಾರ ತಿದ್ದಿದ ಚಿತ್ರಗಳನ್ನು ತನ್ನ ಸಂಗ್ರಹಕ್ಕೆ ಕೊಡಬಾರದೆಂದು 2017ರಲ್ಲೇ ಛಾಯಾಗ್ರಾಹಕರಿಗೆ ತಿಳಿಸಿತು. ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ತಪ್ಪು. ಕೊಳ್ಳುವವರು ಚಿತ್ರ ನೋಡಿ ತರಿಸಿಕೊಂಡ ಕುರ್ತಿ ಹಾಗೆ ಕೂರದಿದ್ದರೆ ಅದು ಅಂಗಡಿಗೇ ವಾಪಸು ಬರುತ್ತದೆ. ಹಾಗಾಗಿ ಎಷ್ಟು ಪಿಕ್ಸೆಲ್ ಸರಿಸುತ್ತೇನೆಂಬುದನ್ನು ಸೆಂಟಿಮೀಟರಿಗೆ ಇಳಿಸಿ, ಅಂಗಡಿಯವರ ಸೈಜ್ ಪಟ್ಟಿಯ ಜೊತೆ ತಾಳೆ ನೋಡಿಯೇ ನಾನು ಕೈಹಾಕುವುದು.

ಮೊದಲ ವಿಧಾನ: ಹಿನ್ನೆಲೆಯನ್ನು ಫ್ರೀಜ್ ಮಾಡುವುದು

ಲಿಕ್ವಿಫೈ ಒಳಗೇ ಇರುವ ಫ್ರೀಜ್ ಮಾಸ್ಕ್ ಉಪಕರಣದಿಂದ ಹಿನ್ನೆಲೆಯ ಭಾಗಕ್ಕೆ ಬಳಿದರೆ ಅದು ಕೆಂಪಾಗಿ ಕಾಣುತ್ತದೆ. ಆ ಭಾಗ ಬ್ರಷ್‌ಗೆ ಸಿಗುವುದಿಲ್ಲ. ಬೇಗ ಆಗುವ ಕೆಲಸ, ಹೆಚ್ಚು ಪದರಗಳು ಬೇಡ. ಹೀಗಾಗಿಯೇ ಎಲ್ಲರೂ ಮೊದಲು ಹಿಡಿಯುವ ದಾರಿ ಇದು, ಎಲ್ಲರೂ ಮೋಸಹೋಗುವುದೂ ಇಲ್ಲಿಯೇ.

ಫ್ರೀಜ್ ಮಾಡುವುದರಿಂದ ಎಳೆತ ಮಾಯವಾಗುವುದಿಲ್ಲ. ಫ್ರೀಜ್ ಆದ ಭಾಗಕ್ಕೂ ಬಟ್ಟೆಯ ಅಂಚಿಗೂ ನಡುವೆ ಉಳಿದ ಸಂದಿಯಲ್ಲಿ ಅದೆಲ್ಲ ಒತ್ತೊತ್ತಾಗಿ ಸೇರಿಕೊಳ್ಳುತ್ತದೆ. ನನ್ನ ಚಿತ್ರದಲ್ಲಿ ಚೌಕಟ್ಟಿನವರೆಗೆ ಫ್ರೀಜ್ ಮಾಡಿ 120 ಪಿಕ್ಸೆಲ್ ಸಂದಿ ಬಿಟ್ಟೆ. ಬಟ್ಟೆ 40 ಪಿಕ್ಸೆಲ್ ಒಳಕ್ಕೆ ಹೋದಾಗ, ಮೊದಲು 120 ಪಿಕ್ಸೆಲ್ ಇದ್ದ ಗೋಡೆ ಈಗ 160 ಪಿಕ್ಸೆಲ್ ಜಾಗವನ್ನು ತುಂಬಬೇಕಾಯಿತು. ಮೂರರಲ್ಲಿ ಒಂದು ಪಾಲು ಹಿಗ್ಗಿದಂತಾಯಿತು. ಅಲ್ಲಿದ್ದದ್ದು ಸುಣ್ಣ ಬಳಿದ ಬರಿಯ ಗೋಡೆಯಾದ್ದರಿಂದ ಇದು ನಡೆದುಹೋಯಿತು. ಹಾಗಿದ್ದೂ ನೂರು ಪ್ರತಿಶತ ಗಾತ್ರದಲ್ಲಿ ನೋಡಿದರೆ ಆ ಪಟ್ಟಿಯಲ್ಲಿ ಗೋಡೆಯ ಒರಟುತನ ಸ್ವಲ್ಪ ಮಾಸಲಾಗಿ, ಫೋಟೋದ ಸಹಜ ಕಾಳುಕಾಳು ಸವೆದಂತೆ ಕಾಣುತ್ತಿತ್ತು. ಅದೇ ಜಾಗದಲ್ಲಿ ಇಟ್ಟಿಗೆಯ ಗೋಡೆ ಇದ್ದಿದ್ದರೆ, ಒಂದು ಇಟ್ಟಿಗೆ ತನ್ನ ನೆರೆಯವುಗಳಿಗಿಂತ ಮೂರನೇ ಒಂದು ಪಾಲು ಉದ್ದವಾಗಿ ಕಂಡು ಗುಟ್ಟು ರಟ್ಟಾಗುತ್ತಿತ್ತು.

ಕೆಲವರು ಇನ್ನೂ ಸುರಕ್ಷಿತವಾಗಿರಲೆಂದು ಫ್ರೀಜನ್ನು ಬಟ್ಟೆಯ ಅಂಚಿಗೇ ತಂದು ಮುಟ್ಟಿಸುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟ ಫಲ ಕೊಡುತ್ತದೆ. ಸಂದಿಯೇ ಇಲ್ಲದಿದ್ದಾಗ ಅಂಚಿನ ಕೆಲವೇ ಪಿಕ್ಸೆಲ್‌ಗಳು ಹಿಗ್ಗಿ ಗೀರುಗೀರಾಗಿ ಎಳೆದುಕೊಳ್ಳುತ್ತವೆ. ಬಟ್ಟೆಯ ಬಣ್ಣ ಗೋಡೆಯ ಮೇಲೆ ಒರೆಸಿದಂತೆ ಕಾಣುತ್ತದೆ. ಸರಿಸುವ ದೂರದ ಹತ್ತರಷ್ಟು ಸಂದಿ ಇದ್ದರೆ ಹಿಗ್ಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಸಾಧಾರಣ ಹಿನ್ನೆಲೆಯಲ್ಲಿ ಅದು ಕಣ್ಣಿಗೆ ಬೀಳದು. ಮೂರು ಪಟ್ಟು ಸಂದಿ ಇದ್ದರೆ ಬರಿಯ ಗೋಡೆಗೆ ಮಾತ್ರ ಸರಿ. ಅದಕ್ಕಿಂತ ಕಡಿಮೆಯಿದ್ದರೆ ಈ ವಿಧಾನವನ್ನು ನಾನು ಬಳಸುವುದೇ ಇಲ್ಲ.

ಎರಡನೆಯದು: ಎಳೆದು, ಆಮೇಲೆ ಮೂಲವನ್ನು ಮರಳಿ ತರುವುದು

ಇದರಲ್ಲಿ ದೊಡ್ಡ ಬ್ರಷ್‌ನಿಂದ ಬಟ್ಟೆಯನ್ನು ನಿಶ್ಚಿಂತೆಯಾಗಿ ತಿದ್ದಿ, ಹಿನ್ನೆಲೆ ಬಾಗುವುದಾದರೆ ಬಾಗಲಿ ಎಂದು ಬಿಡುತ್ತೇವೆ. ಕೆಳಗೆ ಮುಟ್ಟದ ಮೂಲಚಿತ್ರ ಇರುತ್ತದೆ. ಮೇಲಿನ ತಿದ್ದಿದ ಪದರಕ್ಕೆ ಲೇಯರ್ ಮಾಸ್ಕ್ ಹಾಕಿ, ಗೆರೆ ಬಾಗಿದ ಕಡೆ ಕಪ್ಪು ಬಳಿದರೆ ಕೆಳಗಿನ ನೆಟ್ಟಗಿನ ಗೆರೆ ಹೊರಬರುತ್ತದೆ. ಮಾಡುವ ಕ್ರಮ ಹೀಗೆ: ಪದರವನ್ನು Ctrl+J ಒತ್ತಿ ನಕಲು ಮಾಡಿ, ನಕಲನ್ನು ಸ್ಮಾರ್ಟ್ ಆಬ್ಜೆಕ್ಟ್ ಆಗಿ ಬದಲಿಸಿ, ನಂತರ Filter > Liquify ತೆರೆಯಬೇಕು. ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ನಾಳೆ ಅಂಗಡಿಯವರು "ಇಷ್ಟು ಬಿಗಿ ಬೇಡ" ಎಂದರೆ ಅದೇ ಲಿಕ್ವಿಫೈಯನ್ನು ಮತ್ತೆ ತೆರೆದು ಸಡಿಲಿಸಬಹುದು. ಇಲ್ಲವಾದರೆ ಮೊದಲಿನಿಂದ ಮಾಡಬೇಕು.

ಇಲ್ಲಿ ಎಲ್ಲರೂ ಎಡವುವುದು ಮಾಸ್ಕಿನ ಗಡಿಯನ್ನು ಎಲ್ಲಿ ಹಾಕಬೇಕೆಂಬಲ್ಲಿ. ಬಟ್ಟೆ 40 ಪಿಕ್ಸೆಲ್ ಒಳಕ್ಕೆ ಸರಿದಿದೆ, ಆದರೆ ಕೆಳಗಿನ ಮೂಲಚಿತ್ರದಲ್ಲಿ ಆ 40 ಪಿಕ್ಸೆಲ್ ಜಾಗದಲ್ಲಿ ಇನ್ನೂ ಹಳೆಯ ಬಟ್ಟೆಯೇ ಇದೆ. ಅಲ್ಲಿಯವರೆಗೆ ಕಪ್ಪು ಬಳಿದರೆ ಹಳೆಯ ಉಬ್ಬು ಭೂತದಂತೆ ಮತ್ತೆ ಎದ್ದು ಬರುತ್ತದೆ. ಆದ್ದರಿಂದ ಗಡಿ ಹಳೆಯ ಅಂಚಿನ ಹೊರಗೇ ನಿಲ್ಲಬೇಕು. ತೆರವಾದ 40 ಪಿಕ್ಸೆಲ್ ಪಟ್ಟಿಯಲ್ಲಿ ಲಿಕ್ವಿಫೈ ಎಳೆದು ತಂದ ಗೋಡೆಯೇ ಇರಬೇಕು. ನನ್ನ ಚಿತ್ರದಲ್ಲಿ ಹಳೆಯ ಅಂಚಿನಿಂದ 50 ಪಿಕ್ಸೆಲ್ ಹೊರಗೆ, ಮೃದುವಾದ ಬ್ರಷ್‌ನಿಂದ ಗಡಿ ಎಳೆದೆ. ಚೌಕಟ್ಟು 120ರಲ್ಲಿ ಇದ್ದದ್ದರಿಂದ ಅದು ಪೂರ್ತಿಯಾಗಿ ಮೂಲಚಿತ್ರದಿಂದಲೇ ಬಂತು, ದಾರ ಹಿಡಿದಷ್ಟು ನೆಟ್ಟಗೆ. ಗೋಡೆಯ ಮೇಲೆ ಬಿದ್ದಿದ್ದ ಹುಡುಗಿಯ ಮೆಲುನೆರಳು ಸಹ ಎಳೆದ ಪಟ್ಟಿಯ ಜೊತೆಗೆ ಬಂದು ಬಟ್ಟೆಗೆ ಅಂಟಿಕೊಂಡೇ ಉಳಿಯಿತು. ಹತ್ತು ನಿಮಿಷದ ಕೆಲಸ.

ಅಕ್ಕನಿಗೆ ಕೊನೆಗೆ ಹೋದ ಚಿತ್ರ ಇದೇ ವಿಧಾನದ್ದು: ಎಡಕ್ಕೆ ಮೂಲವನ್ನು ಮರಳಿ ತಂದದ್ದು, ಬಲಕ್ಕೆ ಸರಳುಗಳಿದ್ದ ಕಡೆ ಏನೂ ಮಾಡದೆ ಬಿಟ್ಟದ್ದು. ಬಲಬದಿಯಲ್ಲಿ ಒಂದೇ ಎಚ್ಚರಿಕೆ ಬೇಕಾಯಿತು. ತಳ್ಳುವಾಗ ಕೈ ಅರಿವಿಲ್ಲದೆ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಹಾಗೆ ಹೋದಲ್ಲೆಲ್ಲ ಸರಳು ಸಣ್ಣ ಅಲೆಯಾಗುತ್ತದೆ. ತಳ್ಳುವುದು ಸರಳಿನ ಉದ್ದಕ್ಕೇ ಇರಬೇಕು, ಗಿಡ್ಡ ಗಿಡ್ಡವಾಗಿ ಇರಬೇಕು.

ಈ ವಿಧಾನದ ಮಿತಿ ಸ್ಪಷ್ಟ. ನಿಂತ ಗೆರೆಯೋ ಓರೆಯ ಗೆರೆಯೋ ತೆರವಾದ ಪಟ್ಟಿಯೊಳಗೇ ಇದ್ದರೆ, ಅಥವಾ ಬಟ್ಟೆಯ ಹಿಂದಿನಿಂದ ಹೊರಬರುತ್ತಿದ್ದರೆ, ಮರಳಿ ತರಲು ಮೂಲಚಿತ್ರದಲ್ಲಿ ಆ ಭಾಗ ಇಲ್ಲವೇ ಇಲ್ಲ. ಮಾಸ್ಕಿನ ಗಡಿಯಲ್ಲಿ ಗೆರೆ ಮುರಿದು, ಹೊರಗಿನ ತುಂಡು ಒಂದು ಕಡೆ, ಒಳಗಿನ ತುಂಡು ಇನ್ನೊಂದು ಕಡೆ ನಿಲ್ಲುತ್ತದೆ.

ಮೂರನೆಯದು: ವ್ಯಕ್ತಿಯನ್ನು ಬೇರ್ಪಡಿಸಿ ತಿದ್ದುವುದು

ಅದೇ ಕೆಲಸದಲ್ಲಿ ಇನ್ನೊಂದು ಚಿತ್ರ ಇತ್ತು. ಹುಡುಗಿ ಮೆಟ್ಟಿಲ ಮೇಲೆ ನಿಂತಿದ್ದಳು, ಹಿಂದೆ ಓರೆಯಾಗಿ ಏರುವ ಕಬ್ಬಿಣದ ಕಂಬಿ ಅವಳ ಸೊಂಟದ ಹಿಂದಿನಿಂದಲೇ ಹಾದುಹೋಗಿತ್ತು. ಮೊದಲೆರಡು ವಿಧಾನಗಳಿಗೆ ಇಲ್ಲಿ ಜಾಗವೇ ಇಲ್ಲ. ಆಗ ಉಳಿಯುವುದು, ವ್ಯಕ್ತಿಯನ್ನು ಕತ್ತರಿಸಿ ಒಂದು ಪದರಕ್ಕೆ ತಂದು, ಹಿನ್ನೆಲೆಯನ್ನು ಅವಳಿಲ್ಲದಂತೆ ಇನ್ನೊಂದು ಪದರದಲ್ಲಿ ಕಟ್ಟಿ, ವ್ಯಕ್ತಿಯ ಪದರವನ್ನು ಮಾತ್ರ ಎಳೆಯುವುದು. ಹಿನ್ನೆಲೆಯನ್ನು ಬ್ರಷ್ ಮುಟ್ಟುವುದೇ ಇಲ್ಲವಾದ್ದರಿಂದ ಗೆರೆ ಬಾಗುವ ಮಾತೇ ಇಲ್ಲ. ತೊಂದರೆಗಳು ಬೇರೆ ಬಾಗಿಲಿನಿಂದ ಬರುತ್ತವೆ.

ಹಿನ್ನೆಲೆಯನ್ನು ಪೂರ್ತಿ ಕಟ್ಟಬೇಕಾಗಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಬಟ್ಟೆ 40 ಪಿಕ್ಸೆಲ್ ಸರಿಯುವುದಾದರೆ ಅಂಚಿನಿಂದ ಒಳಕ್ಕೆ 80 ಪಿಕ್ಸೆಲ್‌ನಷ್ಟು ಹಿನ್ನೆಲೆ ಸಿದ್ಧವಾಗಿದ್ದರೆ ಧಾರಾಳ. ಮಿಕ್ಕಿದ್ದೆಲ್ಲ ವ್ಯಕ್ತಿಯ ಹಿಂದೆ ಮರೆಯಾಗಿರುತ್ತದೆ. ಕಂಟೆಂಟ್ ಅವೇರ್ ಫಿಲ್‌ಗೆ ಇಡೀ ಮೈಯನ್ನು ಒಪ್ಪಿಸಿದರೆ ಅದು ಗೋಡೆಯನ್ನು ಹೇಗೋ ತುಂಬುತ್ತದೆ, ಆದರೆ ಕಂಬಿಯನ್ನು ಅರ್ಧದಲ್ಲಿ ಬಿಡುತ್ತದೆ ಅಥವಾ ವಕ್ರವಾಗಿ ಜೋಡಿಸುತ್ತದೆ. ಕಂಬಿಯನ್ನು ನಾನು ಕೈಯಿಂದಲೇ ಕಟ್ಟಿದೆ: ಹೊರಗೆ ಕಾಣುತ್ತಿದ್ದ ಕಂಬಿಯ ಒಂದು ತುಂಡನ್ನು ಆಯ್ದು, ಹೊಸ ಪದರಕ್ಕೆ ನಕಲಿಸಿ, ಅದೇ ಓರೆಯಲ್ಲಿ ಕೆಳಕ್ಕೆ ಜರುಗಿಸಿ ಬಟ್ಟೆಯ ಅಂಚಿನ ಒಳಗೆ ಹೊಗಿಸಿದೆ. ಕಂಬಿಯ ಮೇಲಿನ ಬೆಳಕು ಸಹ ಹೊಂದುವಂತೆ ತೀರಾ ಹತ್ತಿರದ ತುಂಡನ್ನೇ ತೆಗೆದುಕೊಳ್ಳಬೇಕು.

ಕತ್ತರಿಸಿದ ಅಂಚು ಎರಡನೆಯ ತೊಂದರೆ. ಬಟ್ಟೆಯ ಅಂಚಿನ ಒಂದೆರಡು ಪಿಕ್ಸೆಲ್‌ಗಳಲ್ಲಿ ಬಟ್ಟೆಯ ಬಣ್ಣವೂ ಹಿಂದಿನ ಗೋಡೆಯ ಬಣ್ಣವೂ ಬೆರೆತಿರುತ್ತವೆ. ತಿಳಿ ಗೋಡೆಯಿಂದ ಕತ್ತರಿಸಿದ ಕಡುನೀಲಿ ಕುರ್ತಿ ಕಪ್ಪು ಕಂಬಿಯ ಮುಂದೆ ಸರಿದಾಗ ಅಂಚಿನಲ್ಲಿ ಬಿಳಿ ಗೆರೆಯೊಂದು ಹೊಳೆಯುತ್ತದೆ. ಅದನ್ನು ಒಂದು ಪಿಕ್ಸೆಲ್ ಒಳಕ್ಕೆ ಮಾಸ್ಕ್ ಮಾಡಿ ತೆಗೆಯಬಹುದು. ಕೂದಲಿನ ಕಡೆಗೆ ಮಾತ್ರ ಕತ್ತರಿಸುವ ಗೋಜಿಗೇ ಹೋಗಬಾರದು. ಭುಜದಿಂದ ಮೇಲೆ ಏನೂ ತಿದ್ದುವುದಿಲ್ಲವಾದ್ದರಿಂದ ಅಲ್ಲಿ ಮೂಲಚಿತ್ರವನ್ನೇ ಹಾಗೆ ಉಳಿಸಿಕೊಂಡರೆ ಆಯಿತು.

ಮೂರನೆಯ ತೊಂದರೆಯನ್ನು ನಾನು ಮುಂಚೆ ಊಹಿಸಿರಲಿಲ್ಲ. ಹುಡುಗಿ ನೆಟ್ಟಿನ ದುಪಟ್ಟಾ ಹಾಕಿಕೊಂಡಿದ್ದಳು. ನೆಟ್ಟಿನ ಮೂಲಕ ಹಿಂದಿನ ಕಂಬಿ ಮಸುಕಾಗಿ ಕಾಣುತ್ತಿತ್ತು. ದುಪಟ್ಟಾವನ್ನು ಕತ್ತರಿಸಿದಾಗ ಅದರೊಳಗೆ ಕಾಣುವ ಕಂಬಿಯೂ ಅದರ ಜೊತೆಗೇ ಬಂತು. ಎಳೆದ ಮೇಲೆ ದುಪಟ್ಟಾದ ಹೊರಗಿನ ಕಂಬಿ ನೆಟ್ಟಗೆ, ಒಳಗಿನ ಕಂಬಿ ಬಾಗಿ, ಎರಡೂ ಅಂಚಿನಲ್ಲಿ ತಪ್ಪಿಕೊಂಡವು. ತೆಳು ಬಟ್ಟೆ ತನ್ನ ಹಿಂದಿನದನ್ನು ತನ್ನ ಮೈಮೇಲೇ ಹೊತ್ತು ತರುತ್ತದೆ. ಇದಕ್ಕೆ ನನಗೆ ಸಿಕ್ಕ ಒಂದೇ ಉಪಾಯ, ದುಪಟ್ಟಾವನ್ನು ಎಳೆಯದೆ ಬಿಡುವುದು. ಅದು ಇಳಿಬಿದ್ದಿದ್ದ ಬದಿಯನ್ನು ಮುಟ್ಟದೆ, ಇನ್ನೊಂದು ಬದಿಯನ್ನಷ್ಟೇ ತಿದ್ದಿದೆ. ಬಟ್ಟೆಯ ಉಬ್ಬು ಒಂದು ಕಡೆ ಉಳಿಯಿತು. ಮುರಿದ ಕಂಬಿಗಿಂತ ಅದೇ ಮೇಲು ಎಂದು ಅಂಗಡಿಯವರೂ ಒಪ್ಪಿದರು.

ನೆರಳಿನ ಮಾತೂ ಇದೆ. ಎರಡನೆಯ ವಿಧಾನದಲ್ಲಿ ನೆರಳು ತಾನೇ ಜೊತೆಗೆ ಬಂತು, ಇಲ್ಲಿ ಬರುವುದಿಲ್ಲ. ಹಿನ್ನೆಲೆಯ ಪಟ್ಟಿಯನ್ನು ಬೆಳಕಿನ ಗೋಡೆಯಿಂದ ತುಂಬಿದರೆ, ಬಟ್ಟೆಗೂ ಅದರ ನೆರಳಿಗೂ ನಡುವೆ ಬೆಳಗಿದ ಸಂದಿಯೊಂದು ಉಳಿದು, ವ್ಯಕ್ತಿಯನ್ನು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ನೆರಳಿನ ಭಾಗದಿಂದಲೇ ಕ್ಲೋನ್ ಮಾಡಿ ಆ ಪಟ್ಟಿಯನ್ನು ತುಂಬಬೇಕು.

ಈ ಚಿತ್ರಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ. ಫೋಟೋ ತೆಗೆಯುವ ದಿನವೇ ಒಂದು ಕೆಲಸ ಮಾಡಿದ್ದರೆ ಇದರ ಹೆಚ್ಚಿನ ಭಾಗ ತಪ್ಪುತ್ತಿತ್ತು. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಮ್ಯಾನ್ಯುಯಲ್‌ನಲ್ಲಿ ನಿಲ್ಲಿಸಿ, ಹುಡುಗಿ ಪಕ್ಕಕ್ಕೆ ಸರಿದಾಗ ಖಾಲಿ ಹಿನ್ನೆಲೆಯ ಒಂದು ಚಿತ್ರ ತೆಗೆದುಕೊಳ್ಳುವುದು. ಆಗ ಕಂಬಿಯನ್ನು ಕಟ್ಟುವ ಅಗತ್ಯವೇ ಇಲ್ಲ, ನಿಜವಾದ ಕಂಬಿಯೇ ಸಿಗುತ್ತದೆ. ಅವಳ ನೆರಳು ಮಾತ್ರ ಅದರಲ್ಲಿ ಇರುವುದಿಲ್ಲ. ಈಗ ಪ್ರತಿ ಜಾಗದಲ್ಲೂ ಹೀಗೆ ಒಂದು ಖಾಲಿ ಚಿತ್ರ ತೆಗೆದೇ ಮುಂದೆ ಹೋಗುತ್ತೇನೆ. ಅದಕ್ಕಿಂತಲೂ ಮೊದಲು, ಬೆನ್ನ ಹಿಂದೆ ಎರಡು ಕ್ಲಿಪ್ ಹಾಕಿ ಬಟ್ಟೆಯನ್ನು ಬಿಗಿಮಾಡಿದರೆ ಎಷ್ಟೋ ಚಿತ್ರಗಳಿಗೆ ತಿದ್ದುಪಡಿಯೇ ಬೇಕಾಗುವುದಿಲ್ಲ.

ಬೇರೆ ಸಾಧನಗಳ ಬಗ್ಗೆ ಎರಡು ಮಾತು

ಗಿಂಪ್ ಬಳಸುವವರಿಗೆ 2.10ರಿಂದ ವಾರ್ಪ್ ಟ್ರಾನ್ಸ್‌ಫಾರ್ಮ್ ಉಪಕರಣವಿದೆ. ಅದರಲ್ಲಿ ಲಿಕ್ವಿಫೈನಂತೆ ಫ್ರೀಜ್ ಮಾಸ್ಕ್ ಇಲ್ಲದ್ದರಿಂದ ಮೊದಲ ವಿಧಾನವನ್ನು ಬಿಟ್ಟುಬಿಡಬೇಕು. ಎರಡನೆಯದು ಮತ್ತು ಮೂರನೆಯದು ಪದರ ಮತ್ತು ಮಾಸ್ಕಿನ ಕೆಲಸವಾದ್ದರಿಂದ ಅಲ್ಲಿಯೂ ಹಾಗೆಯೇ ನಡೆಯುತ್ತವೆ. ಫೋನಿನಲ್ಲಿ ಒಂದು ಸ್ಲೈಡರ್ ಎಳೆದರೆ ಸೊಂಟ ಸಣ್ಣದಾಗಿಸುವ ಆ್ಯಪ್‌ಗಳನ್ನು ಅಂಗಡಿಯ ಕೆಲಸಕ್ಕೆ ನಾನು ಬಳಸುವುದಿಲ್ಲ. ಎಷ್ಟು ಪಿಕ್ಸೆಲ್ ಸರಿಯಿತು, ಎಲ್ಲಿಯವರೆಗೆ ಸರಿಯಿತು ಎಂಬುದು ಸ್ಲೈಡರ್‌ನಿಂದ ತಿಳಿಯುವುದಿಲ್ಲ. ಮೇಲೆ ಹೇಳಿದ ಸೆಂಟಿಮೀಟರ್ ಲೆಕ್ಕವೇ ಸಾಧ್ಯವಾಗುವುದಿಲ್ಲ.

ಬಟ್ಟೆಯ ಮೇಲೆಯೇ ಗೆರೆಗಳಿದ್ದರೆ ಅದು ಬೇರೆಯೇ ಪ್ರಶ್ನೆ. ಚೌಕಳಿಯ ಇಳಕಲ್ ಸೀರೆಯನ್ನು ಸೊಂಟದಲ್ಲಿ ತಳ್ಳಿದರೆ ಅಂಚಿನ ಹತ್ತಿರದ ಚೌಕಗಳು ಕಿರಿದಾಗಿ ಒಳಗಿನವು ಹಾಗೆಯೇ ಉಳಿಯುತ್ತವೆ. ಸೀರೆಯ ಅಂಚು ಎಲ್ಲೋ ಒಂದೆಡೆ ಕೊಂಕುತ್ತದೆ. ನೇಯ್ಗೆ ತಿಳಿದ ಕಣ್ಣಿಗೆ ಬಾಗಿದ ಬಾಗಿಲಿಗಿಂತ ಅದು ಮೊದಲು ಕಾಣುತ್ತದೆ, ಅದನ್ನು ಮರೆಮಾಡುವ ವಿಧಾನವೂ ಇಲ್ಲ. ಅಂಥ ಸೀರೆಯನ್ನು ಮತ್ತೆ ಉಟ್ಟು, ಪಿನ್ನು ಹಾಕಿ, ಇನ್ನೊಮ್ಮೆ ಫೋಟೋ ತೆಗೆಯಬೇಕು.

ಕಳಿಸುವ ಮುನ್ನ ನೋಡುವ ಬಗೆ

ತುಂಬ ಹೊತ್ತು ಒಂದೇ ಚಿತ್ರ ನೋಡಿದ ಕಣ್ಣಿಗೆ ಬಾಗು ಕಾಣುವುದಿಲ್ಲ. ಅದಕ್ಕೆ ನಾನು ಎರಡು ಪರೀಕ್ಷೆ ಮಾಡುತ್ತೇನೆ. Ctrl+R ಒತ್ತಿ ರೂಲರ್ ತಂದು, ಅದರಿಂದ ಒಂದು ಗೈಡ್ ಎಳೆದು ಚೌಕಟ್ಟಿನ ಪಕ್ಕಕ್ಕೆ ನಿಲ್ಲಿಸಿದರೆ ಒಂದೆರಡು ಪಿಕ್ಸೆಲ್ ಬಾಗು ಸಹ ಗೊತ್ತಾಗುತ್ತದೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತ: ಮೂಲಚಿತ್ರದ ಒಂದು ನಕಲನ್ನು ಎಲ್ಲ ಪದರಗಳ ಮೇಲೆ ತಂದು ಅದರ ಬ್ಲೆಂಡ್ ಮೋಡನ್ನು Difference ಮಾಡುವುದು. ಆಗ ಬದಲಾಗದ ಜಾಗವೆಲ್ಲ ಕಪ್ಪಾಗುತ್ತದೆ, ಸರಿದ ಜಾಗವಷ್ಟೇ ಬೆಳಗುತ್ತದೆ. ಮೊದಲು ಕಳಿಸಿದ್ದ ಕೆಟ್ಟ ಚಿತ್ರವನ್ನು ಹೀಗೆ ನೋಡಿದಾಗ ಸೊಂಟದ ಎರಡು ಅಂಚುಗಳ ಜೊತೆಗೆ ಚೌಕಟ್ಟಿನ ಉದ್ದಕ್ಕೆ ಒಂದು ತೆಳು ಬಿಳಿ ಬಿಲ್ಲು ಬೆಳಗಿತ್ತು. ತಿದ್ದಿದ ಚಿತ್ರದಲ್ಲಿ ಆ ಬಿಲ್ಲು ಇರಲಿಲ್ಲ. ಸೊಂಟದ ಎಡಕ್ಕೆ 40 ಪಿಕ್ಸೆಲ್‌ನ ಒಂದು ಬೆಳಕಿನ ಪಟ್ಟಿ, ಬಲಕ್ಕೆ ಇನ್ನೊಂದು, ಸರಳುಗಳ ಮೇಲೆ ಅಲ್ಲಲ್ಲಿ ಕೆಲವು ಚುಕ್ಕೆ. ಚೌಕಟ್ಟು ಇದ್ದ ಜಾಗ ಪೂರ್ತಿ ಕಪ್ಪು.